ವಿದೇಶದ ಸಮ್ಮೇಳನಕ್ಕೆ ರಜೆ ಅರ್ಜಿ: ಯಾವ ರಜೆ, ಯಾರ ಖರ್ಚು, ತರಗತಿ ಯಾರಿಗೆ?

ಕಪ್ಪತಗುಡ್ಡ
ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಅನುದಾನಿತ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ಬೆಂಕಿ ಬಿದ್ದ ಮೇಲೆ ಕಪ್ಪತಗುಡ್ಡದ ಇಳಿಜಾರುಗಳಲ್ಲಿ ಯಾವ ಹುಲ್ಲು ಮೊದಲು ಚಿಗುರುತ್ತದೆ ಎಂಬುದರ ಮೇಲೆ ಬರೆದ ನನ್ನ ಪ್ರಬಂಧವು ಜರ್ಮನಿಯ ಬಾನ್ ನಗರದ ಸಮ್ಮೇಳನದಲ್ಲಿ ಮೌಖಿಕ ಮಂಡನೆಗೆ ಸ್ವೀಕೃತವಾಗಿದೆ. ಸಮ್ಮೇಳನವು ಸೆಪ್ಟೆಂಬರ್ 9ರ ಮಂಗಳವಾರದಿಂದ 12ರ ಶುಕ್ರವಾರದವರೆಗೆ ನಡೆಯುತ್ತದೆ. ನೋಂದಣಿ ಶುಲ್ಕದಲ್ಲಿ ಅರ್ಧವನ್ನು ಸಂಘಟಕರು ಬಿಟ್ಟಿದ್ದಾರೆ ಮತ್ತು ಅಲ್ಲಿನ ವಿದ್ಯಾರ್ಥಿ ನಿಲಯದಲ್ಲಿ ಐದು ರಾತ್ರಿಗಳ ವಸತಿಯನ್ನು ಉಚಿತವಾಗಿ ಕೊಡುತ್ತೇವೆ ಎಂದು ಬರೆದಿದ್ದಾರೆ. ವಿಮಾನದ ಟಿಕೆಟ್ಟಿಗೆ ಸುಮಾರು 70 ಸಾವಿರ ರೂಪಾಯಿ ಆಗುತ್ತದೆ. ಅದಕ್ಕೆ ಸಂಶೋಧನೆಗೆ ಹಣದ ನೆರವು ಕೊಡುವ ಕೇಂದ್ರದ ಸಂಸ್ಥೆಯಾದ ಎಎನ್‌ಆರ್‌ಎಫ್‌ಗೆ, ಅಂದರೆ ಮೊದಲಿನ ಸರ್ಬ್‌ಗೆ, ಅರ್ಜಿ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಸ್ವೀಕೃತಿ ಪತ್ರದ ಪ್ರತಿಯನ್ನು ಜೋಡಿಸಿ ಪ್ರಾಂಶುಪಾಲರಿಗೆ ರಜೆ ಅರ್ಜಿ ಕೊಟ್ಟೆ. ಎರಡು ದಿನಗಳ ನಂತರ ಕಚೇರಿಯಿಂದ ಅದು ಹಿಂತಿರುಗಿತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ "ಯಾವ ರಜೆ? ವೆಚ್ಚ ಯಾರದು? ತರಗತಿ ಯಾರು?" ಎಂದು ಬರೆದಿತ್ತು. ಪ್ರಶ್ನೆಗಳು ನ್ಯಾಯವಾದವೇ. ಆದರೆ ಹಣದ ಉತ್ತರವೇ ಬಾರದಿರುವಾಗ ವೆಚ್ಚದ ಬಗ್ಗೆ ಏನು ಬರೆಯಬೇಕು? ರಜೆ ಯಾವ ಹೆಸರಿನಲ್ಲಿ ಕೇಳಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಶಿಗ್ಗಾಂವಿ ಮೇಷ್ಟ್ರು
ಗಳಿಕೆ ರಜೆ ಹಾಕಿ ಹೋಗಿ ಬನ್ನಿ, ಮೇಡಂ. ನಿಮ್ಮ ಖಾತೆಯ ರಜೆಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಕಡತವೂ ಬೇಗ ಸರಿಯುತ್ತದೆ.

ನಿವೃತ್ತ ಅಧೀಕ್ಷಕ, ಧಾರವಾಡ
ಮೇಷ್ಟ್ರೇ, ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಗಳಿಕೆ ರಜೆಯ ಮೇಲೆ ಹೋದರೆ ಕಡತದಲ್ಲಿ ಅದು ಖಾಸಗಿ ಪ್ರವಾಸವೆಂದೇ ದಾಖಲಾಗುತ್ತದೆ. ಪ್ರಬಂಧ ಮಂಡಿಸಲು ಕಾಲೇಜು ತಮ್ಮನ್ನು ಕಳುಹಿಸಿತ್ತು ಎಂದು ಮುಂದೆ ಪದೋನ್ನತಿಯ ಹೊತ್ತಿನಲ್ಲಿ ತೋರಿಸಲು ಹೋದರೆ, ಸೇವಾ ಪುಸ್ತಕದಲ್ಲಿರುವ ನಮೂದು ಬೇರೆಯನ್ನೇ ಹೇಳುತ್ತದೆ. ಅಲ್ಲದೆ ಬೇಸಿಗೆ ರಜೆ ಅನುಭವಿಸುವ ಬೋಧಕರಿಗೆ ಗಳಿಕೆ ರಜೆ ಜಮೆಯಾಗುವುದೇ ಕಡಿಮೆ. ಅದನ್ನು ಕಾಲೇಜಿನ ಕೆಲಸಕ್ಕೆ ಕಳೆದುಕೊಳ್ಳುವುದು ಏಕೆ?

ಯುಜಿಸಿಯ 2018ರ ನಿಯಮಾವಳಿಯಲ್ಲಿ ಕರ್ತವ್ಯ ರಜೆ ಎಂಬುದೇ ಇದೆ. ಅನುಮತಿ ಪಡೆದು ಸಮ್ಮೇಳನ, ವಿಚಾರ ಸಂಕಿರಣಗಳಿಗೆ ಹೋಗುವವರಿಗೆ ಒಂದು ಶೈಕ್ಷಣಿಕ ವರ್ಷದಲ್ಲಿ 30 ದಿನಗಳವರೆಗೆ ಪೂರ್ಣ ವೇತನದೊಂದಿಗೆ ಅದನ್ನು ಕೊಡಬಹುದು. ನಮ್ಮ ಕಚೇರಿಗಳಲ್ಲಿ ಇದೇ ವಿಷಯ "ಅನ್ಯಕಾರ್ಯ ನಿಮಿತ್ತ" ಎಂಬ ಹೆಸರಿನಲ್ಲಿ ಓಡಾಡುತ್ತದೆ. ಅರ್ಜಿಯ ವಿಷಯದ ಸಾಲಿನಲ್ಲಿಯೇ ಅದನ್ನು ಸ್ಪಷ್ಟವಾಗಿ ಬರೆಯಿರಿ. "ರಜೆ ನೀಡುವ ಕುರಿತು" ಎಂದಷ್ಟೇ ಬರೆದರೆ ಯಾವ ಗುಮಾಸ್ತನೂ ಟಿಪ್ಪಣಿ ಏಳಿಸಲಾರ.

ಶಿಗ್ಗಾಂವಿ ಮೇಷ್ಟ್ರು
ನಿಯಮ ಇರಬಹುದು, ಸರ್. ಮಂಜೂರಾತಿ ಸಿಗುವಷ್ಟರಲ್ಲಿ ಸಮ್ಮೇಳನವೇ ಮುಗಿದುಹೋದವರನ್ನು ನಾನು ನೋಡಿದ್ದೇನೆ. ಹಾಗಾಗಿಯೇ ಹಾಗೆ ಹೇಳಿದೆ.

ನಿವೃತ್ತ ಅಧೀಕ್ಷಕ, ಧಾರವಾಡ
ಅದು ಸತ್ಯವೇ. ಆದರೆ ಹಾಗೆ ತಡವಾದ ಕಡತಗಳನ್ನು ತೆರೆದು ನೋಡಿದರೆ, ಬಹುಪಾಲು ಯಾವುದೋ ಒಂದು ಪ್ರಶ್ನೆಗೆ ಉತ್ತರವಿಲ್ಲದೆ ಅರ್ಜಿಯು ಮೇಲೆ ಕೆಳಗೆ ಓಡಾಡಿರುತ್ತದೆ. ಅರ್ಜಿಯನ್ನು ಓದಿದವರು ಅದರಿಂದಲೇ ಆದೇಶ ಬರೆಯುವಂತಿರಬೇಕು.

ಉಣಕಲ್ ನಿವಾಸಿ
ನನ್ನ ಮಗಳು ಸಿಡ್ನಿಯಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಹೋಗಲು ನನ್ನ ಮನೆಯವರು ನಿರಾಕ್ಷೇಪಣಾ ಪತ್ರ ಕೇಳಿದಾಗ ಆಸ್ತಿ ವಿವರ, ಪ್ರಯಾಣದ ಹಣದ ಮೂಲ ಎಲ್ಲವನ್ನೂ ಕೇಳಿದ್ದರು. ನೀವೂ ಬ್ಯಾಂಕಿನ ವಿವರ ಜೋಡಿಸಿರಿ.

ಸಾಧನಕೇರಿ
ಅಕ್ಕಾರೆ, ನಿಮ್ಮದು ಖಾಸಗಿ ಪ್ರವಾಸದ ವಿಷಯ; ಇವರು ಕೇಳುತ್ತಿರುವುದು ಕಾಲೇಜಿನ ಪರವಾಗಿ ಹೋಗುವ ವಿಷಯ. ಆದರೆ ಹಣದ ಮೂಲ ತಿಳಿಸಬೇಕು ಎಂಬ ಮಾತು ಇಲ್ಲಿಯೂ ಅನ್ವಯಿಸುತ್ತದೆ.

ಮೇಡಂ, ನಾನು ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಸರ್ಬ್‌ನ ಪ್ರಯಾಣ ನೆರವನ್ನು ಪಡೆದಿದ್ದೆ. ಅದರಲ್ಲಿ ಮುಖ್ಯವಾಗಿ ತಿಳಿದಿರಬೇಕಾದದ್ದು, ಹಣವು ಮೊದಲೇ ಕೈಗೆ ಬರುವುದಿಲ್ಲ ಎಂಬುದು. ನಾವು ಖರ್ಚು ಮಾಡಿ, ಹೋಗಿ ಬಂದು, ಟಿಕೆಟ್, ಬೋರ್ಡಿಂಗ್ ಪಾಸ್, ಹಾಜರಾತಿ ಪ್ರಮಾಣಪತ್ರಗಳನ್ನು ಕಳುಹಿಸಿದ ಮೇಲೆ ಮರುಪಾವತಿ ಆಗುತ್ತದೆ. ಆದ್ದರಿಂದ ನೆರವು ಮಂಜೂರಾದರೂ ಆಗದಿದ್ದರೂ ಹೊರಡುವ ದಿನ ನಿಮ್ಮದೇ ಹಣ ಹೊರಗೆ ಹೋಗಿರುತ್ತದೆ. ಇದನ್ನು ಅರ್ಜಿಯಲ್ಲಿ ಬಳಸಿಕೊಳ್ಳಿರಿ. "ನೆರವು ಮಂಜೂರಾದಲ್ಲಿ ವಿಮಾನ ದರವನ್ನು ಸದರಿ ಸಂಸ್ಥೆ ಭರಿಸುವುದು; ಮಂಜೂರಾಗದಿದ್ದಲ್ಲಿ ಸ್ವಂತ ವೆಚ್ಚದಲ್ಲಿ ಪ್ರಯಾಣಿಸುತ್ತೇನೆ; ಎರಡೂ ಸಂದರ್ಭಗಳಲ್ಲಿ ಕಾಲೇಜಿಗಾಗಲಿ ಸರ್ಕಾರಕ್ಕಾಗಲಿ ಆರ್ಥಿಕ ಹೊರೆ ಇರುವುದಿಲ್ಲ" ಎಂದು ಬರೆದರೆ ಉತ್ತರ ಬರುವವರೆಗೆ ಕಡತವನ್ನು ಕಾಯಿಸುವ ಕಾರಣವೇ ಇರುವುದಿಲ್ಲ.

ಇನ್ನೊಂದು ಸಾಲು ಬಹಳ ಜನ ಬಿಡುತ್ತಾರೆ. ಅರ್ಧ ನೋಂದಣಿ ಶುಲ್ಕವನ್ನು ಸಂಘಟಕರು ಬಿಟ್ಟಿದ್ದಾರೆ ಎಂದ ಮೇಲೆ, ನೆರವಿನ ಅರ್ಜಿಯಲ್ಲಿ ಪೂರ್ತಿ ಶುಲ್ಕ ಕೇಳಿದ್ದರೆ ಅದನ್ನು ಈಗಲೇ ತಿದ್ದಿಸಿರಿ. ಒಂದೇ ವೆಚ್ಚವನ್ನು ಎರಡು ಕಡೆಯಿಂದ ಪಡೆಯುವುದಿಲ್ಲ ಎಂಬ ಮುಚ್ಚಳಿಕೆಯನ್ನು ರಜೆ ಅರ್ಜಿಗೂ ಜೋಡಿಸಿರಿ.

ಕಪ್ಪತಗುಡ್ಡ
ಸರ್, ಇದು ಬಹಳ ಉಪಕಾರವಾಯಿತು. ನೆರವಿನ ಅರ್ಜಿಯಲ್ಲಿ ಅರ್ಧ ಶುಲ್ಕವನ್ನೇ ತೋರಿಸಿದ್ದೇನೆ. ವಸತಿಯ ಬಗ್ಗೆಯೂ ಬರೆಯಬೇಕೇ? ಅದು ಉಚಿತವಾಗಿರುವುದರಿಂದ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ.

ಸಾಧನಕೇರಿ
ಅದೇ ಎಲ್ಲಕ್ಕಿಂತ ಮುಖ್ಯವಾದ ವಿಷಯ. ವಿದೇಶಿ ಸಂಸ್ಥೆಯೊಂದು ವಿದೇಶದಲ್ಲಿ ಉಚಿತವಾಗಿ ಕೊಡುವ ವಸತಿಯು 2010ರ ವಿದೇಶಿ ವಂತಿಗೆ ಕಾಯ್ದೆಯ ಪ್ರಕಾರ ವಿದೇಶಿ ಆತಿಥ್ಯವಾಗುತ್ತದೆ. ಸರ್ಕಾರಿ ನೌಕರರು, ಹಾಗೆಯೇ ಸರ್ಕಾರದ ಒಡೆತನ ಅಥವಾ ನಿಯಂತ್ರಣದಲ್ಲಿರುವ ಸಂಸ್ಥೆಗಳ ನೌಕರರು ಅದನ್ನು ಸ್ವೀಕರಿಸುವ ಮೊದಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು. ಅರ್ಜಿಯ ನಮೂನೆಗೆ ಎಫ್‌ಸಿ-2 ಎಂದು ಹೆಸರು. ಆನ್‌ಲೈನ್‌ನಲ್ಲಿಯೇ ತುಂಬಬೇಕು, ಆಮಂತ್ರಣ ಪತ್ರ ಜೋಡಿಸಬೇಕು, ಸಾಮಾನ್ಯವಾಗಿ ಹೊರಡುವ ದಿನಕ್ಕಿಂತ ಎರಡು ವಾರ ಮೊದಲು ಅದು ಅಲ್ಲಿಗೆ ತಲುಪಿರಬೇಕು. ನಾನಾದರೆ ಆ ಎರಡು ವಾರವನ್ನು ನಂಬಿ ಕೂರುವುದಿಲ್ಲ, ಒಂದೂವರೆ ತಿಂಗಳು ಮೊದಲೇ ಸಲ್ಲಿಸುತ್ತೇನೆ.

ಬ್ಯಾಡಗಿ ಕಡ್ಡಿ
ಸಾಧನಕೇರಿ ಅವರೇ, ಮೇಡಂ ಸರ್ಕಾರಿ ನೌಕರರಲ್ಲ. ಅನುದಾನಿತ ಕಾಲೇಜನ್ನು ನಡೆಸುವುದು ಖಾಸಗಿ ಆಡಳಿತ ಮಂಡಳಿ, ನೇಮಕಾತಿ ಆದೇಶಕ್ಕೆ ಸಹಿ ಮಾಡಿದ್ದೂ ಅದರ ಕಾರ್ಯದರ್ಶಿ. ಸರ್ಕಾರ ವೇತನಾನುದಾನ ಕೊಡುತ್ತದೆ ಎಂದ ಮಾತ್ರಕ್ಕೆ ಕಾಲೇಜು ಸರ್ಕಾರದ ನಿಯಂತ್ರಣದ ಸಂಸ್ಥೆಯಾಗುವುದಿಲ್ಲ. ಎಫ್‌ಸಿ-2 ಬೇಕಾಗಿಲ್ಲ. ಸುಮ್ಮನೆ ಹೆದರಿಸಬೇಡಿರಿ.

ನಿವೃತ್ತ ಅಧೀಕ್ಷಕ, ಧಾರವಾಡ
ಕಡ್ಡಿ ಅವರ ವಾದದಲ್ಲಿ ಹುರುಳಿದೆ. ಆದರೆ ವೇತನ ಸರ್ಕಾರದ್ದು, ನೇಮಕಾತಿಗೆ ಅನುಮೋದನೆ ಇಲಾಖೆಯದು, ವೇತನ ಬಿಲ್ಲು ಜಂಟಿ ನಿರ್ದೇಶಕರ ಕಚೇರಿಯ ಮೂಲಕ ಹೋಗುತ್ತದೆ. ಇಷ್ಟೆಲ್ಲ ಇರುವಾಗ ನಿಯಂತ್ರಣವಿಲ್ಲ ಎಂದು ನಾನಂತೂ ಖಚಿತವಾಗಿ ಬರೆದುಕೊಡಲಾರೆ.

ಬ್ಯಾಡಗಿ ಕಡ್ಡಿ
ಅನುದಾನ ಬೇರೆ, ನಿಯಂತ್ರಣ ಬೇರೆ. ಹಾಗೆ ನೋಡಿದರೆ ಅಕ್ಕಿ ಕೊಡುವ ಸರ್ಕಾರ ನಮ್ಮ ಮನೆಯನ್ನೂ ನಿಯಂತ್ರಿಸುತ್ತದೆ ಎನ್ನಬೇಕಾಗುತ್ತದೆ.

ಸಾಧನಕೇರಿ
ವಾದ ಮುಂದುವರಿಯಲಿ, ಆದರೆ ಮೇಡಂ ಸೆಪ್ಟೆಂಬರಿನಲ್ಲಿ ಹೋಗಬೇಕು. ಅವರಿಗೆ ಎರಡು ದಾರಿಗಳಿವೆ. ವಸತಿ ಇದೆ ಎಂಬುದನ್ನು ಅರ್ಜಿಯಲ್ಲಿ ಬಹಿರಂಗವಾಗಿ ಬರೆದು, ಎಫ್‌ಸಿ-2 ಅನ್ವಯಿಸುತ್ತದೆಯೇ ಎಂಬುದರ ಬಗ್ಗೆ ಆಡಳಿತ ಮಂಡಳಿಯಿಂದ ಲಿಖಿತ ಅಭಿಪ್ರಾಯ ಕೇಳುವುದು ಒಂದು. ಉಚಿತ ವಸತಿಯನ್ನು ಒಲ್ಲೆನೆಂದು ತಿಳಿಸಿ ಅದೇ ನಿಲಯದಲ್ಲಿ ಹಣ ಕೊಟ್ಟು ಇರುವುದು ಇನ್ನೊಂದು. ಮುಚ್ಚಿಟ್ಟು ಹೋಗುವುದು ಮಾತ್ರ ಬೇಡ, ಏಕೆಂದರೆ ಮರುಪಾವತಿಗೆ ಕಳುಹಿಸುವ ಸ್ವೀಕೃತಿ ಪತ್ರದಲ್ಲಿಯೇ ವಸತಿಯ ಸಾಲು ಇದೆ.

ಹಾನಗಲ್ಲಿನವಳು
ದಿನಗಳ ಲೆಕ್ಕವನ್ನು ಯಾರೂ ಮುಟ್ಟಲಿಲ್ಲ. ಸಮ್ಮೇಳನ ನಾಲ್ಕು ದಿನ ಎಂದು ನಾಲ್ಕೇ ದಿನ ಕೇಳಿದರೆ ಪ್ರಯಾಣದ ದಿನಗಳು ಎಲ್ಲಿಗೆ ಹೋಗಬೇಕು? ನನ್ನ ಸಹೋದ್ಯೋಗಿಯೊಬ್ಬರಿಗೆ ಹೀಗೇ ಆಗಿ, ಪ್ರಯಾಣದ ದಿನಗಳಿಗೆ ಆಮೇಲೆ ಸಾಂದರ್ಭಿಕ ರಜೆ ಹಾಕಬೇಕಾಯಿತು.

ಮೇಡಂ, ನೀವು 7ರ ಭಾನುವಾರ ಹುಬ್ಬಳ್ಳಿ ಬಿಟ್ಟರೆ ಸೋಮವಾರ ಬಾನ್ ತಲುಪುತ್ತೀರಿ. ಶುಕ್ರವಾರ ಸಂಜೆ ಸಮ್ಮೇಳನ ಮುಗಿದು ಶನಿವಾರ ಅಲ್ಲಿಂದ ಹೊರಟರೆ ಭಾನುವಾರ 14ಕ್ಕೆ ಊರಿಗೆ ಬರುತ್ತೀರಿ. ಹಾಗಾದರೆ 8ರಿಂದ 13ರವರೆಗೆ ಆರು ದಿನಗಳ ಕರ್ತವ್ಯ ರಜೆ, ಹಿಂದೆ ಮುಂದೆ ಇರುವ ಎರಡು ಭಾನುವಾರಗಳನ್ನು ಸೇರಿಸಿಕೊಳ್ಳಲು ಅನುಮತಿ ಮತ್ತು 7ರಿಂದ 14ರವರೆಗೆ ಕೇಂದ್ರಸ್ಥಾನ ಬಿಡಲು ಅನುಮತಿ, ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಿರಿ. ಐದು ರಾತ್ರಿಗಳ ವಸತಿಯೂ ಸೋಮವಾರದಿಂದ ಶುಕ್ರವಾರದ ರಾತ್ರಿಯವರೆಗೆ ಸರಿಯಾಗಿ ಹೊಂದುತ್ತದೆ. ದಿನಾಂಕಗಳು ಹೀಗೆ ಒಂದಕ್ಕೊಂದು ಕೂಡಿದರೆ ಓದುವವರಿಗೆ ಅನುಮಾನ ಬರುವುದಿಲ್ಲ.

ಶಿಗ್ಗಾಂವಿ ಮೇಷ್ಟ್ರು
ಅಷ್ಟು ದೂರ ಹೋದ ಮೇಲೆ ಎರಡು ದಿನ ಊರು ನೋಡಿಕೊಂಡು ಬರುವುದೂ ಬೇಡವೇ?

ಹಾನಗಲ್ಲಿನವಳು
ನೋಡಬಹುದು, ಮೇಷ್ಟ್ರೇ. ಆ ಎರಡು ದಿನಗಳಿಗೆ ಬೇರೆ ಗಳಿಕೆ ರಜೆಯನ್ನು ಅದೇ ಅರ್ಜಿಯಲ್ಲಿ ಕೇಳಬೇಕು. ಕರ್ತವ್ಯ ರಜೆಯೊಂದಿಗೆ ಗಳಿಕೆ ರಜೆಯನ್ನು ಜೋಡಿಸಲು ಯುಜಿಸಿ ನಿಯಮ ಒಪ್ಪುತ್ತದೆ. ನಿಮ್ಮ ಗಳಿಕೆ ರಜೆ ಇಲ್ಲಿ ಉಪಯೋಗಕ್ಕೆ ಬಂತು ನೋಡಿರಿ.

ಹುಬ್ಬಳ್ಳಿ ಪ್ರಾಂಶುಪಾಲ
ಮಂಜೂರು ಮಾಡುವ ಕಡೆ ಕುಳಿತವನಾಗಿ ಎರಡು ಮಾತು ಬರೆಯುತ್ತೇನೆ. ನನ್ನ ಮೇಜಿಗೆ ಬರುವ ಇಂಥ ಅರ್ಜಿಗಳಲ್ಲಿ ಸ್ವೀಕೃತಿ ಪತ್ರವನ್ನು ಮೊದಲು ನೋಡುತ್ತೇನೆ. ಹಣ ಕಟ್ಟಿದ ಎಲ್ಲರಿಗೂ ಒಂದೇ ದಿನದಲ್ಲಿ "ಸ್ವೀಕರಿಸಲಾಗಿದೆ" ಎಂದು ಬರೆದುಕೊಡುವ ಸಮ್ಮೇಳನಗಳು ಈಗ ಹೆಚ್ಚಾಗಿವೆ. ಆದ್ದರಿಂದ ಪತ್ರದ ಜೊತೆಗೆ ಪರಿಶೀಲಕರ ಟಿಪ್ಪಣಿಗಳು, ಪ್ರಬಂಧದ ಸಂಖ್ಯೆ, ಮಂಡನೆಯ ದಿನ ಮತ್ತು ಗೋಷ್ಠಿ ಇರುವ ಕಾರ್ಯಕ್ರಮ ಪಟ್ಟಿ ಇದ್ದರೆ ನನಗೆ ಮುಂದೆ ಶಿಫಾರಸು ಮಾಡಲು ಧೈರ್ಯ ಬರುತ್ತದೆ. ಮೌಖಿಕ ಮಂಡನೆಯೋ ಭಿತ್ತಿಪತ್ರವೋ ಎಂಬುದೂ ಪತ್ರದಲ್ಲಿ ಇರಬೇಕು.

ಇದಾದ ಮೇಲೆ ನಾನು ನೋಡುವುದು ತರಗತಿಗಳನ್ನು, ಮತ್ತು ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲಿಯೇ. "ಸಹೋದ್ಯೋಗಿಗಳು ನೋಡಿಕೊಳ್ಳುತ್ತಾರೆ" ಎಂಬ ಸಾಲಿಗೆ ಬೆಲೆಯಿಲ್ಲ. ಯಾವ ದಿನ, ಯಾವ ಅವಧಿ, ಯಾವ ತರಗತಿ, ಯಾರು ಎಂಬುದು ಬೇಕು ಮತ್ತು ಒಪ್ಪಿಕೊಂಡವರ ಸಹಿ ಅದೇ ಹಾಳೆಯ ಮೇಲೆ ಬೇಕು. ಸಹಿ ಇಲ್ಲದಿದ್ದರೆ ಆ ಸೋಮವಾರ ಬೆಳಿಗ್ಗೆ ವಿದ್ಯಾರ್ಥಿಗಳು ಬಂದು ನನ್ನ ಕೋಣೆಯ ಮುಂದೆ ನಿಲ್ಲುತ್ತಾರೆ. ಮೇಡಂ, ನಿಮ್ಮ ವಾರದ ಕಾರ್ಯಭಾರ ಹೇಗಿದೆ?

ಕಪ್ಪತಗುಡ್ಡ
ಸರ್, ವಾರಕ್ಕೆ 16 ಗಂಟೆಗಳಿವೆ. ಎಂಟು ಗಂಟೆ ಪಾಠ, ನಾಲ್ಕು ನಾಲ್ಕು ಗಂಟೆಗಳ ಎರಡು ಪ್ರಾಯೋಗಿಕ ತಂಡಗಳು, ಮಂಗಳವಾರ ಮತ್ತು ಗುರುವಾರ. ವಿಭಾಗದಲ್ಲಿ ನಾನು, ಇನ್ನೊಬ್ಬ ಖಾಯಂ ಪ್ರಾಧ್ಯಾಪಕರು ಮತ್ತು ಒಬ್ಬ ಅತಿಥಿ ಉಪನ್ಯಾಸಕಿ ಇದ್ದೇವೆ. ಆ ವಾರದ ಶುಕ್ರವಾರ ಮೂರನೆಯ ಸೆಮಿಸ್ಟರಿನ ಆಂತರಿಕ ಪರೀಕ್ಷೆ ಇದೆ. ಪ್ರಯೋಗಾಲಯದ ಪ್ರಭಾರವೂ ನನ್ನದೇ.

ಹುಬ್ಬಳ್ಳಿ ಪ್ರಾಂಶುಪಾಲ
ಹಾಗಾದರೆ ಹೀಗೆ ಮಾಡಿರಿ. ಎಂಟು ಗಂಟೆಗಳ ಪಾಠದಲ್ಲಿ ನಾಲ್ಕನ್ನು ನಿಮ್ಮ ಪ್ರಾಧ್ಯಾಪಕರಿಗೆ ಅದಲುಬದಲಾಗಿ ಕೊಡಿರಿ. ಹಿಂದಿರುಗಿದ ವಾರದಲ್ಲಿ ಅವರ ನಾಲ್ಕು ಗಂಟೆಗಳನ್ನು ನೀವು ತೆಗೆದುಕೊಳ್ಳುತ್ತೀರಿ ಎಂದು ಇಬ್ಬರೂ ಸಹಿ ಮಾಡಿರಿ. ಉಳಿದ ನಾಲ್ಕನ್ನು ಹೊರಡುವ ಮೊದಲಿನ ಎರಡು ವಾರಗಳಲ್ಲಿ ಹೆಚ್ಚುವರಿ ತರಗತಿಗಳಾಗಿ ಮುಗಿಸಿ, ಪಾಠದ ದಿನಚರಿಯಲ್ಲಿ ವಿದ್ಯಾರ್ಥಿಗಳ ಹಾಜರಾತಿಯೊಂದಿಗೆ ದಾಖಲಿಸಿರಿ. ಮಂಗಳವಾರದ ಪ್ರಾಯೋಗಿಕವನ್ನು ಅತಿಥಿ ಉಪನ್ಯಾಸಕಿಗೆ ಕೊಡಬಹುದು, ಆದರೆ ಅವರ ಗಂಟೆಗಳು ಮೀರಿ ಹೆಚ್ಚಿನ ಗೌರವಧನದ ಪ್ರಶ್ನೆ ಬರದಂತೆ ಮೊದಲೇ ನೋಡಿಕೊಳ್ಳಿರಿ. ಗುರುವಾರದ ತಂಡವನ್ನು ಮುಂದಿನ ವಾರಕ್ಕೆ ಹಾಕಿರಿ, ಎರಡು ತಂಡಗಳನ್ನೂ ಬೇರೆಯವರ ತಲೆಗೆ ಕಟ್ಟಬೇಡಿರಿ.

ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮೊಹರು ಮಾಡಿ ಪರೀಕ್ಷಾ ವಿಭಾಗಕ್ಕೆ ಹೊರಡುವ ಮೊದಲೇ ಒಪ್ಪಿಸಿರಿ. ಪ್ರಯೋಗಾಲಯದ ಪ್ರಭಾರವನ್ನು ಮಾತಿನಲ್ಲಿ ಕೊಡಬೇಡಿರಿ. ಬೀಗದ ಕೈ, ದಾಸ್ತಾನು ವಹಿ, ಸೂಕ್ಷ್ಮದರ್ಶಕಗಳ ಎಣಿಕೆ, ಸ್ಪಿರಿಟ್ ಬಾಟಲಿಗಳ ಉಳಿಕೆ, ಇವುಗಳನ್ನು ಬರೆದು, ಕೊಟ್ಟವರು ಮತ್ತು ಪಡೆದವರು ಇಬ್ಬರೂ ಸಹಿ ಮಾಡಿದ ಹಾಳೆಯನ್ನು ಅರ್ಜಿಗೆ ಲಗತ್ತಿಸಿರಿ.

ಲಕ್ಷ್ಮೇಶ್ವರ
ಪ್ರಾಂಶುಪಾಲರೇ, ತಾವು ಹೇಳಿದಷ್ಟೂ ಸರಿ, ಆದರೆ ಆರು ದಿನಕ್ಕೆ ಹೋಗುವ ಅಧ್ಯಾಪಕಿ ಮೊದಲೂ ದುಡಿಯಬೇಕು, ಬಂದ ಮೇಲೂ ದುಡಿಯಬೇಕು ಎಂದರೆ ಕರ್ತವ್ಯ ರಜೆಗೆ ಅರ್ಥವೇನು? ಅದು ಕರ್ತವ್ಯವೇ ಆಗಿದ್ದರೆ ಬದಲಿ ವ್ಯವಸ್ಥೆ ಮಾಡುವುದು ಸಂಸ್ಥೆಯ ಹೊಣೆಯಲ್ಲವೇ?

ಹುಬ್ಬಳ್ಳಿ ಪ್ರಾಂಶುಪಾಲ
ತಾವು ಕೇಳಿದ್ದು ಸರಿಯಾದ ಪ್ರಶ್ನೆಯೇ. ಹೊಣೆ ಸಂಸ್ಥೆಯದು ಎಂಬುದನ್ನು ಒಪ್ಪುತ್ತೇನೆ. ಆದರೆ ಮೂವರೇ ಇರುವ ವಿಭಾಗದಲ್ಲಿ ಆ ವಿಷಯವನ್ನು ಕಲಿಸಬಲ್ಲ ನಾಲ್ಕನೆಯವರನ್ನು ಒಂದು ವಾರಕ್ಕಾಗಿ ನಾನು ಎಲ್ಲಿಂದ ತರಲಿ? ಖಾಲಿ ಹುದ್ದೆಗಳು ತುಂಬುವವರೆಗೆ ಇದಕ್ಕೆ ನನ್ನಲ್ಲಿ ಬೇರೆ ಉತ್ತರವಿಲ್ಲ.

ಲಕ್ಷ್ಮೇಶ್ವರ
ಉತ್ತರವಿಲ್ಲದಿರುವುದರ ಭಾರವು ಪ್ರತಿ ಸಲವೂ ಅಧ್ಯಾಪಕರ ಮೇಲೆಯೇ ಬೀಳುತ್ತದೆ ಎಂಬುದಷ್ಟೇ ನನ್ನ ದೂರು.

ನವಲಗುಂದ
ವೀಸಾದ ಬಗ್ಗೆ ಒಂದು ಮಾತು. ಷೆಂಗೆನ್ ವೀಸಾ ಅರ್ಜಿಯೊಂದಿಗೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಅಥವಾ ರಜೆ ಮಂಜೂರಾತಿ ಪತ್ರವನ್ನು ಕೇಳುತ್ತಾರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಪ್ರಕರಣಗಳಲ್ಲಿ 45 ದಿನಗಳವರೆಗೆ ಹೋಗಬಹುದು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು, ಆ ದಿನಕ್ಕೂ ರಜೆ ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿರಿ. 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆಯೂ ಕಡ್ಡಾಯ. ಇದನ್ನೆಲ್ಲ ಹಿಂದಿನಿಂದ ಎಣಿಸಿದರೆ ರಜೆಯ ಆದೇಶವು ಜುಲೈ ಮೊದಲ ಭಾಗದಲ್ಲಿಯೇ ಕೈಯಲ್ಲಿರಬೇಕು. ಆಡಳಿತ ಮಂಡಳಿಯ ಆದೇಶ ತಡವಾಗುವಂತಿದ್ದರೆ, ಪ್ರಾಂಶುಪಾಲರಿಂದ ನಿರಾಕ್ಷೇಪಣಾ ಪತ್ರವನ್ನಾದರೂ ಮೊದಲು ಪಡೆಯಿರಿ.

ಉಣಕಲ್ ನಿವಾಸಿ
ಒಣಗಿಸಿದ ಹುಲ್ಲಿನ ಮಾದರಿಗಳನ್ನೂ ಒಯ್ಯುತ್ತೀರೇನು, ಮೇಡಂ? ವಿಮಾನ ನಿಲ್ದಾಣದಲ್ಲಿ ಬಿಡುತ್ತಾರೆಯೇ?

ಕಪ್ಪತಗುಡ್ಡ
ಇಲ್ಲ, ಅಕ್ಕಾರೆ. ಚಿತ್ರಗಳನ್ನು ಮಾತ್ರ ತೋರಿಸುತ್ತೇನೆ. ವಿಚಾರ ಸಂಕಿರಣದಲ್ಲಿ ಸಂಶೋಧನೆಯ ಫಲಿತಾಂಶ ಹೇಳುವುದು ಬೇರೆ, ಮಾದರಿಗಳನ್ನು ದೇಶದಿಂದ ಹೊರಗೆ ಒಯ್ಯುವುದು ಬೇರೆ. ಎರಡನೆಯದಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ಕಟ್ಟುಪಾಡುಗಳಿವೆ. ಮಾದರಿಗಳನ್ನು ಒಯ್ಯುವುದಿಲ್ಲ ಎಂದು ಅರ್ಜಿಯಲ್ಲಿಯೂ ಬರೆಯಬೇಕೆಂದಿದ್ದೇನೆ.

ನಿವೃತ್ತ ಅಧೀಕ್ಷಕ, ಧಾರವಾಡ
ಬರೆಯಿರಿ, ಒಂದು ಸಾಲು ಸಾಕು. ಇಲ್ಲಿ ಬಂದ ಮಾತುಗಳನ್ನೆಲ್ಲ ಸೇರಿಸಿ ಅರ್ಜಿಯ ಒಡಲನ್ನು ಹೀಗೆ ಬರೆಯಬಹುದೆಂದು ನನಗೆ ಅನ್ನಿಸುತ್ತದೆ.

"ವಿಷಯ: ಜರ್ಮನಿಯ ಬಾನ್ ನಗರದಲ್ಲಿ ಪ್ರಬಂಧ ಮಂಡಿಸಲು ದಿನಾಂಕ 8ರಿಂದ 13ರ ಸೆಪ್ಟೆಂಬರ್‌ವರೆಗೆ ಆರು ದಿನಗಳ ಕರ್ತವ್ಯ ರಜೆ (ಅನ್ಯಕಾರ್ಯ ನಿಮಿತ್ತ) ಹಾಗೂ ವಿದೇಶ ಪ್ರಯಾಣದ ಅನುಮತಿ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಪ್ರಬಂಧವು ಪರಿಶೀಲನೆಯ ನಂತರ ಮೌಖಿಕ ಮಂಡನೆಗೆ ಸ್ವೀಕೃತವಾಗಿದ್ದು, ಸ್ವೀಕೃತಿ ಪತ್ರ, ಪರಿಶೀಲಕರ ಟಿಪ್ಪಣಿ ಮತ್ತು ಕಾರ್ಯಕ್ರಮ ಪಟ್ಟಿಯನ್ನು ಲಗತ್ತಿಸಿದ್ದೇನೆ. 7 ಮತ್ತು 14ರ ಭಾನುವಾರಗಳನ್ನು ರಜೆಯ ಹಿಂದೆ ಮುಂದೆ ಬಳಸಿಕೊಳ್ಳಲು ಹಾಗೂ ಸದರಿ ಅವಧಿಯಲ್ಲಿ ಕೇಂದ್ರಸ್ಥಾನ ಬಿಡಲು ಅನುಮತಿ ಕೋರುತ್ತೇನೆ. 15ರ ಸೋಮವಾರ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗುತ್ತೇನೆ.

ನೋಂದಣಿ ಶುಲ್ಕದ ಅರ್ಧಭಾಗವನ್ನು ಸಂಘಟಕರು ಮನ್ನಾ ಮಾಡಿರುತ್ತಾರೆ. ವಿಮಾನ ದರ ಮತ್ತು ಉಳಿದ ಶುಲ್ಕಕ್ಕಾಗಿ ಎಎನ್‌ಆರ್‌ಎಫ್‌ಗೆ ಅರ್ಜಿ ಸಲ್ಲಿಸಿದ್ದು, ಮಂಜೂರಾಗದಿದ್ದಲ್ಲಿ ಸ್ವಂತವಾಗಿ ಭರಿಸುತ್ತೇನೆ. ವೀಸಾ, ವಿಮೆ ಮತ್ತು ಊಟದ ವೆಚ್ಚ ನನ್ನದು. ಸಂಘಟಕರು ಐದು ರಾತ್ರಿಗಳ ಉಚಿತ ವಸತಿ ನೀಡಲು ಮುಂದೆ ಬಂದಿದ್ದು, ಇದನ್ನು ಸ್ವೀಕರಿಸಲು ಎಫ್‌ಸಿ-2 ಅನುಮತಿ ಅಗತ್ಯವೇ ಎಂಬ ಬಗ್ಗೆ ನಿರ್ದೇಶನ ಕೋರುತ್ತೇನೆ. ನಿರ್ದೇಶನ ಬರುವವರೆಗೆ ವಸತಿಯನ್ನು ಸ್ವೀಕರಿಸುವುದಿಲ್ಲ."

ಇದರ ಕೆಳಗೆ ತರಗತಿಗಳ ಹಾಳೆ ಮತ್ತು ಪ್ರಭಾರದ ಹಾಳೆ ಲಗತ್ತು ಎಂದು ಬರೆದು, ಪ್ರಾಂಶುಪಾಲರ ಮುಖಾಂತರ ಕಾರ್ಯದರ್ಶಿಗಳಿಗೆ ಸಲ್ಲಿಸಿರಿ. ಆವಕ ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ ಮತ್ತು ದಿನಾಂಕದ ಮುದ್ರೆ ಹಾಕಿಸಿಕೊಳ್ಳದೆ ಮನೆಗೆ ಹೋಗಬೇಡಿರಿ.

ಬ್ಯಾಡಗಿ ಕಡ್ಡಿ
ಸರ್, ಅರ್ಜಿ ಚೆನ್ನಾಗಿದೆ. ಆದರೆ ಆ ವಸತಿಯ ಸಾಲನ್ನು ಬರೆದು ತಾವೇ ಪ್ರಶ್ನೆಯೊಂದನ್ನು ಹುಟ್ಟಿಸುತ್ತಿದ್ದೀರಿ. ನಿರ್ದೇಶನ ಕೋರಿದ ಕಡತ ಬೆಂಗಳೂರಿಗೆ ಹೋದರೆ ಮೇಡಂ ಅವರ ಸೆಪ್ಟೆಂಬರ್ ಅಲ್ಲಿಯೇ ಕಳೆಯುತ್ತದೆ.

ನಿವೃತ್ತ ಅಧೀಕ್ಷಕ, ಧಾರವಾಡ
ಅದಕ್ಕಾಗಿಯೇ "ನಿರ್ದೇಶನ ಬರುವವರೆಗೆ ಸ್ವೀಕರಿಸುವುದಿಲ್ಲ" ಎಂಬ ಮಾತನ್ನು ಸೇರಿಸಿದ್ದೇನೆ. ರಜೆಯ ಮಂಜೂರಾತಿಯು ಆ ಪ್ರಶ್ನೆಗೆ ಕಟ್ಟಿಬೀಳುವುದಿಲ್ಲ. ಉತ್ತರ ಬಾರದಿದ್ದರೆ ಐದು ರಾತ್ರಿಗಳ ಬಾಡಿಗೆ ಕೊಟ್ಟರಾಯಿತು, ಅಷ್ಟೇ ನಷ್ಟ.

ಕಪ್ಪತಗುಡ್ಡ
ಎಲ್ಲರಿಗೂ ಕೃತಜ್ಞತೆಗಳು. ಅರ್ಜಿಯನ್ನು ಇದೇ ರೀತಿ ಸಲ್ಲಿಸಿದೆ, ಆವಕ ಮುದ್ರೆಯೂ ಬಿತ್ತು. ತರಗತಿಗಳ ಹಾಳೆಗೆ ಇಬ್ಬರ ಸಹಿಯೂ ಆಯಿತು. ಪ್ರಾಧ್ಯಾಪಕರು ನಾಲ್ಕರ ಬದಲು ಐದು ಗಂಟೆ ತೆಗೆದುಕೊಳ್ಳುವುದಾಗಿ ತಾವೇ ಹೇಳಿದರು. ಪ್ರಾಂಶುಪಾಲರು ಶಿಫಾರಸು ಮಾಡಿ ಕಡತವನ್ನು ಆಡಳಿತ ಮಂಡಳಿಗೆ ಕಳುಹಿಸಿದ್ದಾರೆ. ವೀಸಾಕ್ಕಾಗಿ ನಿರಾಕ್ಷೇಪಣಾ ಪತ್ರವನ್ನು ಪ್ರತ್ಯೇಕವಾಗಿ ಕೇಳಿದ್ದೇನೆ, ಈ ವಾರ ಸಿಗಬಹುದು. ವಸತಿಯ ಪ್ರಶ್ನೆಗೆ ಮಾತ್ರ ಕಚೇರಿಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲ; ಜಂಟಿ ನಿರ್ದೇಶಕರ ಕಚೇರಿಗೆ ಪತ್ರ ಬರೆಯುತ್ತೇವೆ ಎಂದಿದ್ದಾರೆ. ಅನುದಾನಿತ ಕಾಲೇಜಿನಿಂದ ಎಫ್‌ಸಿ-2 ತುಂಬಿದವರು ಈ ವೇದಿಕೆಯಲ್ಲಿ ಯಾರಾದರೂ ಇದ್ದೀರಾ?

ಹಾನಗಲ್ಲಿನವಳು
ನಾನು ತುಂಬಿಲ್ಲ, ಆದರೆ ನಮ್ಮ ಕಾಲೇಜಿನಿಂದ ಕಳೆದ ವರ್ಷ ಹೋಗಿ ಬಂದವರೊಬ್ಬರಿದ್ದಾರೆ. ಅವರಿಗೂ ಸಂಘಟಕರೇ ವಸತಿ ಕೊಟ್ಟಿದ್ದರೆಂದು ಕೇಳಿದ್ದೇನೆ. ನಾಳೆ ಕಾಲೇಜಿನಲ್ಲಿ ಕೇಳಿ ಇಲ್ಲಿಯೇ ಬರೆಯುತ್ತೇನೆ.